ಹಾಲುಣಿಸುವ ತಾಯಿಯ ಎದೆ ಕೆಂಪಾಗಿ ಜ್ವರ ಬಂದಾಗ: ಹಾಲು ಕಟ್ಟಿದೆಯೋ, ಎದೆಬಾವು ಬಂದಿದೆಯೋ?

ಬಾಣಂತಿಯ ಎದೆಯಲ್ಲಿ ಗಂಟು ಕಾಣಿಸಿಕೊಂಡ ಕೂಡಲೇ ನಮ್ಮ ದಾವಣಗೆರೆ, ಚಿತ್ರದುರ್ಗದ ಮನೆಗಳಲ್ಲಿ ಮೂರು ಕೆಲಸಗಳು ಒಂದರ ಹಿಂದೆ ಒಂದು ನಡೆಯುತ್ತವೆ. ಹರಳೆಣ್ಣೆ ಹಚ್ಚಿ ಗಟ್ಟಿಯಾಗಿ ತಿಕ್ಕುತ್ತಾರೆ, ಉಪ್ಪಿನ ಗಂಟನ್ನು ಕಾಯಿಸಿ ಶಾಖ ಕೊಡುತ್ತಾರೆ, ಕೊನೆಗೆ ಉಳಿದ ಹಾಲನ್ನೆಲ್ಲ ಹಿಂಡಿ ತೆಗೆಯುತ್ತಾರೆ. ಕೆಲವು ವರ್ಷಗಳ ಹಿಂದಿನವರೆಗೆ ವೈದ್ಯರು ಮತ್ತು ನರ್ಸ್‌ಗಳು ಹೇಳುತ್ತಿದ್ದುದೂ ಹೆಚ್ಚುಕಡಿಮೆ ಇದನ್ನೇ. ಹಾಲುಣಿಸುವಿಕೆಯ ಕುರಿತ ಅಂತರರಾಷ್ಟ್ರೀಯ ವೈದ್ಯಕೀಯ ಮಾರ್ಗಸೂಚಿ 2022ರಲ್ಲಿ ಪರಿಷ್ಕರಣೆಗೊಂಡ ಮೇಲೆ ಈ ಮೂರೂ ಸಲಹೆಗಳು ಬದಲಾಗಿವೆ. ತಿಕ್ಕುವುದನ್ನು ಮತ್ತು ಅಗತ್ಯಕ್ಕಿಂತ ಹೆಚ್ಚು ಹಿಂಡುವುದನ್ನು ಈಗ ತೊಂದರೆಯನ್ನು ಬೆಳೆಸುವ ಕಾರಣಗಳೆಂದೇ ಪರಿಗಣಿಸಲಾಗುತ್ತದೆ. ಗಂಟು ಕಂಡ ಗಳಿಗೆಯಿಂದ ಮುಂದಿನ 24 ಗಂಟೆಗಳಲ್ಲಿ ಏನು ನೋಡಬೇಕು, ಏನು ಮಾಡಬೇಕು, ಯಾವಾಗ ಮನೆಯ ಉಪಚಾರ ಬಿಟ್ಟು ಆಸ್ಪತ್ರೆಗೆ ಹೊರಡಬೇಕು ಎಂಬುದನ್ನು ಈ ಬರಹ ಹಂತ ಹಂತವಾಗಿ ವಿವರಿಸುತ್ತದೆ.

ಎದೆಯೊಳಗೆ ಆಗುತ್ತಿರುವುದು ಏನು

ಹಾಲು ಹೆಪ್ಪುಗಟ್ಟಿ ನಾಳದೊಳಗೆ ಬಿರಡೆಯಂತೆ ಕೂತಿದೆ, ಒತ್ತಿದರೆ ಅದು ಹೊರಗೆ ಬರುತ್ತದೆ ಎಂಬುದು ಬಹುತೇಕ ಎಲ್ಲರ ಮನಸ್ಸಿನಲ್ಲಿರುವ ಚಿತ್ರ. ವಾಸ್ತವ ಹಾಗಿಲ್ಲ. ಹಾಲಿನ ನಾಳಗಳು ಬಹಳ ಸಣ್ಣವು, ಒಂದರೊಳಗೊಂದು ಹೆಣೆದುಕೊಂಡವು. ಹಾಲು ಹೆಚ್ಚಾಗಿ ತುಂಬಿದಾಗ ಅಥವಾ ಎದೆಯ ಮೇಲೆ ಒತ್ತಡ ಬಿದ್ದಾಗ ನಾಳದ ಸುತ್ತಲಿನ ಮಾಂಸ ನೀರು ತುಂಬಿಕೊಂಡು ಊದಿಕೊಳ್ಳುತ್ತದೆ, ಆ ಊತವೇ ನಾಳವನ್ನು ಹೊರಗಿನಿಂದ ಅಮುಕಿ ಕಿರಿದಾಗಿಸುತ್ತದೆ. ಕೈಗೆ ಸಿಗುವ ಗಂಟು ಎಂದರೆ ಈ ಊದಿದ ಭಾಗವೇ. ಅದನ್ನು ಬೆರಳಿನಿಂದ ಅಮುಕಿ ತಿಕ್ಕಿದರೆ ಸೂಕ್ಷ್ಮ ರಕ್ತನಾಳಗಳು ಒಡೆದು ಊತ ಇನ್ನಷ್ಟು ಏರುತ್ತದೆ, ನಾಳ ಇನ್ನಷ್ಟು ಮುಚ್ಚುತ್ತದೆ.

ಎಮ್ಮೆ, ಹಸು ಕಟ್ಟಿದ ಮನೆಗಳಲ್ಲಿ ಈ ಗೊಂದಲಕ್ಕೆ ಇನ್ನೊಂದು ಕಾರಣವೂ ಇದೆ. ಕೆಚ್ಚಲುಬಾವು ಬಂದ ಹಸುವಿನ ಹಾಲನ್ನು ಪೂರ್ತಿ ಕರೆದು ಚೆಲ್ಲಬೇಕೆಂದು ಪಶುವೈದ್ಯರು ಹೇಳಿದ್ದನ್ನು ಕೇಳಿದ ಹಿರಿಯರು ಬಾಣಂತಿಗೂ ಅದನ್ನೇ ಅನ್ವಯಿಸುತ್ತಾರೆ. ಹಸುವಿನ ಕೆಚ್ಚಲಿನಲ್ಲಿ ಹಾಲು ಶೇಖರವಾಗುವ ದೊಡ್ಡ ಪೊಳ್ಳು ಜಾಗವಿದೆ. ಹೆಂಗಸಿನ ಎದೆಯಲ್ಲಿ ಅಂಥ ಜಾಗವಿಲ್ಲ. ಎದೆಯನ್ನು ಎಷ್ಟು ಬರಿದು ಮಾಡಿದರೆ ಅಷ್ಟು ಹಾಲು ಮತ್ತೆ ಉತ್ಪತ್ತಿಯಾಗುತ್ತದೆ, ಊತ ಅಲ್ಲಿಯೇ ಉಳಿಯುತ್ತದೆ.

ಹಾಲು ಕಟ್ಟುವುದು ಮತ್ತು ಎದೆಬಾವು ಎರಡು ಬೇರೆ ರೋಗಗಳೆಂದು ತಿಳಿಯುವುದಕ್ಕಿಂತ ಒಂದೇ ದಾರಿಯ ಬೇರೆ ಬೇರೆ ಮಜಲುಗಳೆಂದು ತಿಳಿಯುವುದು ಸರಿ. ಮೊದಲ ಮಜಲಿನಲ್ಲಿ ನಾಳ ಕಿರಿದಾಗಿ ಗಂಟಾಗುತ್ತದೆ, ಜ್ವರವಿರುವುದಿಲ್ಲ. ಎರಡನೆಯದರಲ್ಲಿ ಊತ ಉರಿಯೂತವಾಗಿ ಎದೆ ಕೆಂಪಾಗುತ್ತದೆ, ಬಿಸಿಯಾಗುತ್ತದೆ, ಚಳಿಜ್ವರ ಬರುತ್ತದೆ. ಇಲ್ಲಿಯವರೆಗೆ ಸೋಂಕು ಇರಲೇಬೇಕೆಂದಿಲ್ಲ. ಈ ಮಾತು ಅನೇಕರಿಗೆ ಆಶ್ಚರ್ಯ ತರುತ್ತದೆ, ಏಕೆಂದರೆ ಜ್ವರವೆಂದರೆ ಸೋಂಕು, ಸೋಂಕೆಂದರೆ ಆ್ಯಂಟಿಬಯೋಟಿಕ್ ಎಂಬ ಲೆಕ್ಕ ನಮ್ಮಲ್ಲಿ ಗಟ್ಟಿಯಾಗಿ ಕೂತಿದೆ. ಮೂರನೆಯ ಮಜಲಿನಲ್ಲಿ ಬ್ಯಾಕ್ಟೀರಿಯಾ ಬೆಳೆಯುತ್ತದೆ, ನಾಲ್ಕನೆಯದರಲ್ಲಿ ಕೀವು ತುಂಬುತ್ತದೆ. ಮನೆಯವರು ಪತ್ತೆ ಹಚ್ಚಬೇಕಾದ ಗಡಿ ಎರಡನೆಯ ಮತ್ತು ಮೂರನೆಯ ಮಜಲುಗಳ ನಡುವಿನದು.

ಮೊದಲ ಹೆಜ್ಜೆ: ಸರಿಯಾಗಿ ನೋಡುವುದು, ಅಳೆಯುವುದು

ಬಾಣಂತಿಕೋಣೆ ಸಾಮಾನ್ಯವಾಗಿ ಮಬ್ಬುಗತ್ತಲಿನದು, ಬಾಗಿಲು ಕಿಟಕಿಗಳು ಮುಚ್ಚಿರುತ್ತವೆ. ಎದೆಯನ್ನು ಹಗಲು ಬೆಳಕಿನಲ್ಲಿ, ಕನ್ನಡಿಯ ಮುಂದೆ ನೋಡಬೇಕು. ನಮ್ಮ ಮೈಬಣ್ಣದಲ್ಲಿ ಕೆಂಪು ಯಾವಾಗಲೂ ಕೆಂಪಾಗಿ ಕಾಣುವುದಿಲ್ಲ. ಗೋಧಿಬಣ್ಣದವರಲ್ಲಿ ತಾಮ್ರದ ಛಾಯೆ, ಕಪ್ಪು ಮೈಯವರಲ್ಲಿ ಸುತ್ತಲಿಗಿಂತ ಗಾಢವಾದ ನೇರಳೆಗಪ್ಪು ಛಾಯೆ ಮತ್ತು ಬಿಗಿದ ಹೊಳಪು ಕಾಣಿಸಬಹುದು. ಆದ್ದರಿಂದ ಅಂಗೈ ಹಿಂಭಾಗವನ್ನು ಮೊದಲು ನೋವಿಲ್ಲದ ಎದೆಗೆ, ಅನಂತರ ನೋವಿರುವ ಎದೆಗೆ ಮುಟ್ಟಿಸಿ ಬಿಸಿಯ ವ್ಯತ್ಯಾಸವನ್ನು ಗಮನಿಸಬೇಕು. ಬಣ್ಣ ಬದಲಾದ ಭಾಗದ ಅಂಚಿಗೆ ಬಾಲ್‌ಪೆನ್ನಿನಿಂದ ಗೆರೆ ಎಳೆದು ಪಕ್ಕದಲ್ಲಿ ಸಮಯ ಬರೆಯುವುದು ಅತ್ಯಂತ ಉಪಯುಕ್ತ ಕೆಲಸ. ಮರುದಿನ ಅದು ಹೆಚ್ಚಾಗಿದೆಯೋ ಕಡಿಮೆಯಾಗಿದೆಯೋ ಎಂಬ ವಾದಕ್ಕೆ ಆಗ ಆಸ್ಪದವಿರುವುದಿಲ್ಲ.

ಜ್ವರ ಅಳೆಯುವಾಗ ಎರಡು ಕಡೆ ಮೋಸ ಹೋಗುವ ಸಾಧ್ಯತೆಯಿದೆ. ಬಿಸಿನೀರ ಸ್ನಾನ ಮುಗಿಸಿ, ಕೆಂಡದ ಶಾಖಕ್ಕೆ ಕೂತು, ಹೊದ್ದು ಮಲಗಿದ ಬಾಣಂತಿಯ ಮೈ ಹಾಗೆಯೇ ಬಿಸಿಯಾಗಿರುತ್ತದೆ; ಹೀಗಾಗಿ ಸ್ನಾನ ಅಥವಾ ಬಿಸಿ ಕುಡಿತದ ನಂತರ ಅರ್ಧ ಗಂಟೆ ಕಾಯಬೇಕು. ಹಾಲು ತುಂಬಿದ ಎದೆಯ ಪಕ್ಕದ ಕಂಕುಳು ನಿಜವಾದ ಮೈಶಾಖಕ್ಕಿಂತ ಹೆಚ್ಚು ತೋರಿಸುವುದರಿಂದ ಥರ್ಮಾಮೀಟರನ್ನು ನಾಲಿಗೆಯ ಕೆಳಗೆ ಇಡುವುದು ಉತ್ತಮ. 100.4 ಡಿಗ್ರಿ ಫ್ಯಾರನ್‌ಹೀಟ್ ಅಥವಾ ಅದಕ್ಕಿಂತ ಹೆಚ್ಚಿದ್ದರೆ ಜ್ವರ. ಎದೆಬಾವಿನಲ್ಲಿ ಅದು ಹಲವು ಬಾರಿ 101.3 ದಾಟುತ್ತದೆ. ಮಾತ್ರೆ ನುಂಗುವ ಮೊದಲು ಅಳೆದು ಬರೆದಿಡಬೇಕು, ಇಲ್ಲವಾದರೆ ಮಾತ್ರೆ ಇಳಿಸಿದ ಜ್ವರವನ್ನು ರೋಗವೇ ಇಳಿದಿದೆಯೆಂದು ತಪ್ಪು ತಿಳಿಯಬೇಕಾಗುತ್ತದೆ.

ಬಾಣಂತಿಗೆ ಬರುವ ಎಲ್ಲ ಜ್ವರವೂ ಎದೆಯಿಂದಲೇ ಬರುವುದಿಲ್ಲವೆಂಬುದನ್ನು ಇಲ್ಲಿಯೇ ಹೇಳಿಬಿಡಬೇಕು. ಕೆಳಹೊಟ್ಟೆ ನೋವು, ದುರ್ವಾಸನೆಯ ಸ್ರಾವ, ಹೊಲಿಗೆಯಲ್ಲಿ ಕೀವು, ಉರಿಮೂತ್ರ ಇವುಗಳಲ್ಲಿ ಯಾವುದೇ ಇದ್ದರೂ, ಎದೆಯಲ್ಲಿ ಗಂಟಿದ್ದರೂ ಕೂಡ, ಮನೆಯಲ್ಲಿ ಕಾಯದೆ ಅಂದೇ ವೈದ್ಯರನ್ನು ಕಾಣಬೇಕು. ಹೆರಿಗೆಯ ನಂತರ 3ರಿಂದ 5ನೆಯ ದಿನದೊಳಗೆ ಎರಡೂ ಎದೆಗಳು ಸಮನಾಗಿ ಬಿಗಿದು ಮೈ ಸ್ವಲ್ಪ ಬಿಸಿಯಾಗುವುದು ಹಾಲು ಇಳಿಯುವ ಕಾಲದ ಸಹಜ ಬಿಗಿತ, ಅದು ಎದೆಬಾವಲ್ಲ.

ಎರಡನ್ನೂ ಬೇರ್ಪಡಿಸುವ ಬಗೆ

ಬರೀ ಹಾಲು ಕಟ್ಟಿದ್ದರೆ ಒಂದು ಎದೆಯ ಒಂದು ಕಡೆ ಗಂಟು ಅಥವಾ ಗಟ್ಟಿ ಜಾಗವಿರುತ್ತದೆ, ಮುಟ್ಟಿದರೆ ನೋವು, ಮೇಲಿನ ಚರ್ಮ ತುಸು ಕೆಂಪಿರಬಹುದು ಅಥವಾ ಇಲ್ಲದಿರಬಹುದು. ಮಗು ಕುಡಿದಾದ ಮೇಲೆ ನೋವು ಸ್ವಲ್ಪ ಇಳಿಯುತ್ತದೆ. ಮುಖ್ಯವಾಗಿ ತಾಯಿಗೆ ಕಾಯಿಲೆ ಬಂದ ಹಾಗೆ ಅನಿಸುವುದಿಲ್ಲ. ಎದ್ದು ಓಡಾಡುತ್ತಾಳೆ, ಊಟ ಸೇರುತ್ತದೆ. ಇದು ಸಾಮಾನ್ಯವಾಗಿ ಒಂದೆರಡು ದಿನಗಳಲ್ಲಿ ತಾನೇ ಕರಗುತ್ತದೆ.

ಎದೆಬಾವಿನಲ್ಲಿ ಕೆಂಪು ಹೆಚ್ಚಾಗಿ ತೊಟ್ಟಿನ ಕಡೆ ಕಿರಿದಾಗಿ ಕಂಕುಳ ಕಡೆ ಅಗಲವಾಗುತ್ತ ಬೀಸಣಿಗೆಯ ಆಕಾರದಲ್ಲಿ ಹರಡುತ್ತದೆ. ಮಗು ಕುಡಿದ ಮೇಲೂ ನೋವು ಇಳಿಯುವುದಿಲ್ಲ. ಇದ್ದಕ್ಕಿದ್ದಂತೆ ನಡುಕ ಬರುತ್ತದೆ, ಮೈಕೈ ಮುರಿದ ಹಾಗಾಗುತ್ತದೆ, ಫ್ಲೂ ಬಂದಂತೆ ಹಾಸಿಗೆ ಹಿಡಿಯುತ್ತಾಳೆ. ಅದರಲ್ಲೂ ತೊಟ್ಟು ಬಿರಿದಿದ್ದರೆ ಸ್ಟ್ಯಾಫಿಲೊಕಾಕಸ್ ಎಂಬ ಬ್ಯಾಕ್ಟೀರಿಯಾಕ್ಕೆ ಬಾಗಿಲು ತೆರೆದಿರುತ್ತದೆ. ಸೋಂಕಿಲ್ಲದ ಉರಿಯೂತ ಮತ್ತು ಸೋಂಕಿನ ಎದೆಬಾವು ಮೊದಲ ದಿನ ಕಣ್ಣಿಗೆ ಒಂದೇ ರೀತಿ ಕಾಣುತ್ತವೆ. ಅವುಗಳನ್ನು ಬೇರ್ಪಡಿಸುವುದು ಕಾಲ: ಸರಿಯಾದ ಉಪಚಾರ ಆರಂಭಿಸಿದ 24 ಗಂಟೆಯೊಳಗೆ ಇಳಿಮುಖವಾದರೆ ಅದು ಬಹುತೇಕ ಉರಿಯೂತ, ಇಳಿಯದಿದ್ದರೆ ಅಥವಾ ಏರಿದರೆ ಸೋಂಕು ಎಂದು ತಿಳಿದು ನಡೆಯಬೇಕು.

ಒಂದು ಪ್ರಸಂಗ

ಉದಾಹರಣೆಗೆ, ಭರಮಸಾಗರದ ಹತ್ತಿರದ ಒಂದು ಹಳ್ಳಿಯ ತವರಿಗೆ ಚೊಚ್ಚಲ ಬಾಣಂತನಕ್ಕೆ ಬಂದ ಹೆಂಗಸೊಬ್ಬಳನ್ನು ಕಲ್ಪಿಸಿಕೊಳ್ಳಿ. ಹೆರಿಗೆಯಾಗಿ 20ನೆಯ ದಿನ. ಮಗಳಿಗೆ ಒಂದು ರಾತ್ರಿಯಾದರೂ ನಿದ್ದೆಯಾಗಲಿ ಎಂದು ಹಿಂದಿನ ರಾತ್ರಿ ಮಗುವಿಗೆ ಬಾಟಲಿಯಲ್ಲಿ ಪುಡಿಹಾಲು ಕುಡಿಸಿದ್ದಾರೆ. ಏಳು ಗಂಟೆ ಕಾಲ ಎದೆ ಬರಿದಾಗಿಲ್ಲ. ಬೆಳಗಿನ 5 ಗಂಟೆಗೆ ಎಡ ಎದೆಯ ಹೊರಬದಿಯಲ್ಲಿ ನಿಂಬೆಹಣ್ಣಿನಷ್ಟು ಗಂಟು, ಜ್ವರವಿಲ್ಲ. "ಹಾಲು ಕಟ್ಟೈತೆ ಕಣವ್ವ, ಚೆನ್ನಾಗಿ ತಿಕ್ಕಿದ್ರೆ ಕರಗುತ್ತೆ" ಎಂದು ಅಜ್ಜಿ ಹರಳೆಣ್ಣೆ ಹಚ್ಚಿ ಅರ್ಧ ಗಂಟೆ ತಿಕ್ಕಿ, ಉಪ್ಪಿನ ಶಾಖ ಕೊಡುತ್ತಾಳೆ. ಮಧ್ಯಾಹ್ನದ ಹೊತ್ತಿಗೆ ಗಂಟಿನ ಮೇಲೆ ಕೆಂಪು ಹರಡುತ್ತದೆ, 4 ಗಂಟೆಗೆ ನಡುಕ ಬಂದು ಬಾಯಿಯಲ್ಲಿ ಅಳೆದ ಜ್ವರ 101.6 ಆಗುತ್ತದೆ. ಬೆಳಗ್ಗೆ ಹಾಲು ಕಟ್ಟಿದ್ದು ಸಂಜೆಗೆ ಎದೆಬಾವಾಗಿದೆ. ತೊಟ್ಟು ಬಿರಿದಿಲ್ಲ, ಹೊಟ್ಟೆನೋವಿಲ್ಲ, ಸ್ರಾವದಲ್ಲಿ ವಾಸನೆಯಿಲ್ಲ, ಮಾತು ಸ್ಪಷ್ಟವಾಗಿದೆ. ಹೀಗಾಗಿ 24 ಗಂಟೆಯ ಲೆಕ್ಕ ಈ 4 ಗಂಟೆಯಿಂದ ಶುರುವಾಗುತ್ತದೆ.

ಮೊಟ್ಟಮೊದಲು ತಿಕ್ಕುವುದು ನಿಲ್ಲಬೇಕು. ಮಗು ಹಸಿದಾಗಲೆಲ್ಲ ಎರಡೂ ಎದೆಗಳಿಂದ ಎಂದಿನಂತೆ ಕುಡಿಯಲಿ. ನೋವಿರುವ ಎದೆಯನ್ನು ಬಿಟ್ಟುಬಿಡುವುದೂ ಬೇಡ, ಅದನ್ನೇ ಬರಿದು ಮಾಡುವ ಹಟದಿಂದ ಮತ್ತೆ ಮತ್ತೆ ಅದಕ್ಕೇ ಹಚ್ಚುವುದೂ ಬೇಡ. ಎದೆ ಕಲ್ಲಿನಂತೆ ಬಿಗಿದು ಮಗುವಿನ ಬಾಯಿಗೆ ತೊಟ್ಟು ಸಿಗದಿದ್ದರೆ, ತೊಟ್ಟಿನ ಸುತ್ತಲಿನ ಕಪ್ಪು ಭಾಗ ಮೆತ್ತಗಾಗುವಷ್ಟು ಮಾತ್ರ ಕೈಯಿಂದ ಹಿಂಡಿ ನಿಲ್ಲಿಸಬೇಕು. ಉರಿಯೂತವಾದ ಎದೆಯ ಹಾಲಿನಲ್ಲಿ ಉಪ್ಪಿನಂಶ ಏರುವುದರಿಂದ ಮಗು ಮುಖ ತಿರುಗಿಸಬಹುದು. "ಹಾಲು ಕೆಟ್ಟೈತೆ" ಎಂದು ಆಗ ಯಾರಾದರೂ ಹೇಳಿಯೇ ಹೇಳುತ್ತಾರೆ. ರುಚಿ ಬದಲಾಗಿದೆ ಅಷ್ಟೆ, ಆ ಹಾಲಿನಿಂದ ಆರೋಗ್ಯವಂತ ಮಗುವಿಗೆ ಹಾನಿಯಿಲ್ಲ. ಎಚ್‌ಐವಿ ಇರುವ ತಾಯಂದಿರು ಮಾತ್ರ ನೋವಿರುವ ಎದೆಯಿಂದ ಕುಡಿಸುವ ಮೊದಲು ತಮ್ಮ ಎಆರ್‌ಟಿ ಕೇಂದ್ರದ ವೈದ್ಯರನ್ನು ಕೇಳಲೇಬೇಕು.

ಎರಡನೆಯದು ತಂಪು. ಮನೆಯವರನ್ನು ಒಪ್ಪಿಸುವುದು ಕಷ್ಟವಾಗುವುದು ಇಲ್ಲಿಯೇ, ಏಕೆಂದರೆ ಬಾಣಂತಿಗೆ ಥಂಡಿ ತಾಗಬಾರದೆಂಬುದು ನಮ್ಮ ಬಾಣಂತನದ ಮೂಲ ನಿಯಮ. ಅದನ್ನು ಮುರಿಯದೆಯೂ ಈ ಕೆಲಸ ಮಾಡಬಹುದು: ತಲೆಗೆ, ಕಾಲಿಗೆ, ಬೆನ್ನಿಗೆ ಬೆಚ್ಚನೆಯ ಹೊದಿಕೆ ಇರಲಿ, ಮಡಕೆಯ ನೀರಿನಲ್ಲಿ ಅದ್ದಿ ಹಿಂಡಿದ ಹತ್ತಿಬಟ್ಟೆಯನ್ನು, ಅಥವಾ ಫ್ರಿಜ್ ಇದ್ದರೆ ದಪ್ಪ ಬಟ್ಟೆಯಲ್ಲಿ ಸುತ್ತಿದ ಐಸನ್ನು, ಕೆಂಪಾದ ಜಾಗಕ್ಕೆ ಮಾತ್ರ ಹತ್ತರಿಂದ ಹದಿನೈದು ನಿಮಿಷ ಇಟ್ಟು ತೆಗೆಯಬೇಕು. ಗಂಟೆ ಎರಡು ಗಂಟೆಗೊಮ್ಮೆ ಹೀಗೆ ಮಾಡಬಹುದು. ಐಸನ್ನು ನೇರವಾಗಿ ಚರ್ಮಕ್ಕೆ ಮುಟ್ಟಿಸಬಾರದು. ಕೈ ಆಡಿಸಲೇಬೇಕೆಂದಿದ್ದರೆ ತೊಟ್ಟಿನ ಕಡೆಯಿಂದ ಕಂಕುಳ ಕಡೆಗೆ, ಮೇಲಿನ ಚರ್ಮ ಮಾತ್ರ ಸರಿಯುವಷ್ಟು ಹಗುರವಾಗಿ ಸವರಬಹುದು. ತಾಯಿಗೆ ನೋವಾದರೆ ಅದು ಹೆಚ್ಚಾಯಿತೆಂದೇ ಅರ್ಥ.

ಮೂರನೆಯದು ಮಾತ್ರೆ. ಊತವನ್ನೂ ನೋವನ್ನೂ ಇಳಿಸುವುದು ಐಬುಪ್ರೊಫೆನ್. ಊಟವಾದ ಮೇಲೆ 400 ಮಿಲಿಗ್ರಾಮ್, 8 ಗಂಟೆಗೊಮ್ಮೆ. ಹಾಲಿಗೆ ಸೇರುವ ಅಂಶ ಅತ್ಯಲ್ಪವಾದ್ದರಿಂದ ಹಾಲುಣಿಸುವವರಿಗೆ ಇದು ಸುರಕ್ಷಿತ. ಹೊಟ್ಟೆಹುಣ್ಣು, ಮೂತ್ರಪಿಂಡದ ತೊಂದರೆ, ನೋವಿನ ಮಾತ್ರೆಯಿಂದ ಕೆರಳುವ ಅಸ್ತಮಾ, ಹೆರಿಗೆಯ ನಂತರವೂ ಇಳಿಯದ ರಕ್ತದೊತ್ತಡ ಇರುವವರು ಅಥವಾ ರಕ್ತಸ್ರಾವ ಹೆಚ್ಚಾಗಿರುವವರು ವೈದ್ಯರನ್ನು ಕೇಳದೆ ಇದನ್ನು ನುಂಗಬಾರದು. ಅವರಿಗೆ ಪ್ಯಾರಾಸಿಟಮಾಲ್ 650 ಮಿಲಿಗ್ರಾಮ್, ಕನಿಷ್ಠ 6 ಗಂಟೆಯ ಅಂತರದಲ್ಲಿ, ದಿನಕ್ಕೆ ನಾಲ್ಕನ್ನು ಮೀರದಂತೆ. ಇದರ ಜೊತೆಗೆ ಬಾಯಾರಿದಷ್ಟು ನೀರು ಕುಡಿಯಬೇಕು. ಬಾಣಂತಿಗೆ ಅಳೆದು ನೀರು ಕೊಡುವ ಪದ್ಧತಿ ಜ್ವರವಿದ್ದಾಗ, ಅದರಲ್ಲೂ ನಮ್ಮ ಕಡೆಯ ಬೇಸಿಗೆಯಲ್ಲಿ, ತಾಯಿಯನ್ನು ಬಳಲಿಸುತ್ತದೆ. ಎದೆಯನ್ನು ಸೀರೆಯ ತುಂಡಿನಿಂದ ಬಿಗಿದು ಕಟ್ಟುವುದು ಬೇಡ, ಎತ್ತಿ ಹಿಡಿಯುವ ಸಡಿಲ ಒಳ ಉಡುಪು ಸಾಕು.

ಮೇಲಿನ ಪ್ರಸಂಗದಲ್ಲಿ ರಾತ್ರಿ 10ಕ್ಕೆ ಜ್ವರ 100.8 ಆಗಿ, ಮರುದಿನ ಬೆಳಗ್ಗೆ ಮಾತ್ರೆ ನುಂಗುವ ಮೊದಲು ಅಳೆದಾಗ 99.8 ಇದ್ದು, ಕೆಂಪು ಪೆನ್ನಿನ ಗೆರೆಯಿಂದ ಒಳಗೆ ಸರಿದು, ಸಂಜೆಗೆ ಗಂಟು ಮೆತ್ತಗಾದರೆ ಆ್ಯಂಟಿಬಯೋಟಿಕ್ ಅಗತ್ಯವಿಲ್ಲ. ಗಂಟಿನ ಗುರುತು ಪೂರ್ತಿ ಮಾಯವಾಗಲು ಇನ್ನೂ ಕೆಲವು ದಿನ ಹಿಡಿಯಬಹುದು. 21ನೆಯ ದಿನ ಆಶಾ ಕಾರ್ಯಕರ್ತೆಯ ಮನೆಭೇಟಿಯ ಸರದಿಯೂ ಇರುತ್ತದೆ (ಆಸ್ಪತ್ರೆಯಲ್ಲಿ ಹೆರಿಗೆಯಾದವರಿಗೆ 3, 7, 14, 21, 28 ಮತ್ತು 42ನೆಯ ದಿನಗಳಂದು ಅವರು ಬರಬೇಕು); ಬರೆದಿಟ್ಟ ಜ್ವರದ ಲೆಕ್ಕವನ್ನು ತೋರಿಸಿ, ಮಗು ಎದೆ ಕಚ್ಚುವ ಬಗೆಯನ್ನು ಅವರೆದುರು ಪರೀಕ್ಷಿಸಿಕೊಳ್ಳಬಹುದು.

ಆಸ್ಪತ್ರೆಗೆ ಹೊರಡಬೇಕಾದ ಗಳಿಗೆ

ಅದೇ ಪ್ರಸಂಗದಲ್ಲಿ ಮರುದಿನ 4 ಗಂಟೆಗೆ ಜ್ವರ 101ರ ಮೇಲೆಯೇ ಇದ್ದರೆ, ಅಥವಾ ಕೆಂಪು ಗೆರೆಯನ್ನು ದಾಟಿ ಎರಡು ಬೆರಳಗಲ ಹರಡಿದ್ದರೆ ಇನ್ನೊಂದು ರಾತ್ರಿ ನೋಡೋಣ ಎನ್ನಬಾರದು. ತೊಟ್ಟು ಬಿರಿದು ಕೀವು ಕಾಣುತ್ತಿದ್ದರೆ, ತಾಯಿಗೆ ಸಕ್ಕರೆ ಕಾಯಿಲೆಯಿದ್ದರೆ 24 ಗಂಟೆಯನ್ನೂ ಕಾಯಬಾರದು. ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರು ಆ್ಯಂಟಿಬಯೋಟಿಕ್ ಆರಂಭಿಸಬಲ್ಲರು. ಸಾಮಾನ್ಯವಾಗಿ ಬರೆಯುವುದು ಕ್ಲಾಕ್ಸಾಸಿಲಿನ್ ಗುಂಪಿನ ಔಷಧ ಅಥವಾ ಸೆಫಲೆಕ್ಸಿನ್, 500 ಮಿಲಿಗ್ರಾಮ್‌ನಂತೆ ದಿನಕ್ಕೆ ನಾಲ್ಕು ಸಲ, 10ರಿಂದ 14 ದಿನ. ಇವು ಹಾಲುಣಿಸುವಿಕೆಗೆ ಅಡ್ಡಿಯಲ್ಲ. ಮಗುವಿನ ಮಲ ತುಸು ತೆಳ್ಳಗಾಗಬಹುದು. ಪೆನಿಸಿಲಿನ್ ಒಗ್ಗದವರು ಅದನ್ನು ಮೊದಲೇ ಹೇಳಬೇಕು. ಮೆಡಿಕಲ್ ಶಾಪಿನಲ್ಲಿ ಕೇಳಿ ಮೂರು ದಿನದ ಮಾತ್ರೆ ತಂದು ನುಂಗಿ, ಜ್ವರ ಬಿಟ್ಟ ಕೂಡಲೇ ನಿಲ್ಲಿಸುವುದು ನಮ್ಮಲ್ಲಿ ಬಹಳ ಕಾಣುತ್ತದೆ; ಸೋಂಕು ಅರ್ಧ ಅಡಗಿ ಕೀವಾಗಲು ಅದು ದಾರಿ ಮಾಡುತ್ತದೆ.

ನಡುಕ ನಿಲ್ಲದಿರುವುದು, ಕೂತಲ್ಲಿಯೇ ನಾಡಿ ವೇಗವಾಗಿ ಬಡಿಯುವುದು, ಏದುಸಿರು, ಮಾತು ತೊದಲುವುದು, ತಲೆಸುತ್ತಿ ಬೀಳುವಂತಾಗುವುದು ಇವು ಸೋಂಕು ರಕ್ತಕ್ಕೆ ಸೇರಿದ ಲಕ್ಷಣಗಳಾಗಿರಬಹುದು. ಆಗ ಗಂಟೆ ಎಣಿಸದೆ 108ಕ್ಕೆ ಕರೆ ಮಾಡಿ ದಾವಣಗೆರೆಯ ಚಿಗಟೇರಿ ಜಿಲ್ಲಾ ಆಸ್ಪತ್ರೆಗೋ ಚಿತ್ರದುರ್ಗದ ಜಿಲ್ಲಾ ಆಸ್ಪತ್ರೆಗೋ, ಯಾವುದು ಹತ್ತಿರವೋ ಅಲ್ಲಿಗೆ ಹೋಗಬೇಕು. ಮಗುವನ್ನು ಜೊತೆಗೇ ಕರೆದೊಯ್ಯಬೇಕು, ಏಕೆಂದರೆ ಅಲ್ಲಿಯೂ ಹಾಲುಣಿಸುವುದು ಮುಂದುವರಿಯಬೇಕು.

ಆ್ಯಂಟಿಬಯೋಟಿಕ್ ಶುರುವಾಗಿ 48 ಗಂಟೆಯಾದರೂ ಇಳಿಯದಿದ್ದರೆ ಹಾಲನ್ನು ಕಲ್ಚರ್ ಪರೀಕ್ಷೆಗೆ ಕಳಿಸಿ ಎದೆಯ ಅಲ್ಟ್ರಾಸೌಂಡ್ ಮಾಡಿಸುತ್ತಾರೆ. ಕೀವು ತುಂಬಿದ ಗಂಟನ್ನು ಜ್ವರ ನೋಡಿ ಅಳೆಯಲಾಗದು. ಎಷ್ಟೋ ಸಲ ಜ್ವರ ಇಳಿದಿರುತ್ತದೆ, ಆದರೆ ಗಂಟು ಹಾಗೆಯೇ ಉಳಿದು, ಮಧ್ಯದಲ್ಲಿ ಒತ್ತಿದರೆ ನೀರು ತುಂಬಿದಂತೆ ಅಲುಗುತ್ತದೆ, ಮೇಲಿನ ಚರ್ಮ ತೆಳುವಾಗಿ ಹೊಳೆಯುತ್ತದೆ. ಅದಕ್ಕೆ ಕಟ್ಟು ಹಾಕಿ ಹಣ್ಣಾಗಲೆಂದು ಕಾಯುವುದು ಕೂಡದು. ಅಲ್ಟ್ರಾಸೌಂಡ್ ನೋಡುತ್ತ ಸೂಜಿಯಿಂದ ಕೀವು ತೆಗೆಯುತ್ತಾರೆ, ಒಮ್ಮೆಗೆ ಮುಗಿಯದೆ ಎರಡು ಮೂರು ಸಲ ಬೇಕಾಗಬಹುದು. ದೊಡ್ಡದಿದ್ದರೆ ಸಣ್ಣ ಗಾಯ ಮಾಡಿ ನಳಿಕೆ ಇಡುತ್ತಾರೆ.

ಕೀವಾದ ಎದೆಯ ಹಾಲು ನಿಲ್ಲಿಸಲು ಮಾತ್ರೆ ಕೊಡಿ ಎಂದು ಮನೆಯವರೇ ಕೇಳುವುದುಂಟು. ಹಾಲು ಕುಡಿಸುವುದು ಹಠಾತ್ತಾಗಿ ನಿಂತರೆ ಎದೆ ಬಿಗಿದು ಕೀವಾಗುವ ಸಂಭವ ಹೆಚ್ಚುತ್ತದೆ, ಆದ್ದರಿಂದ ಗಾಯ ತೊಟ್ಟಿನಿಂದ ದೂರವಿದ್ದು ಮಗುವಿನ ಬಾಯಿಗೆ ತಾಗದಿದ್ದರೆ ಅದೇ ಎದೆಯಿಂದಲೇ ಕುಡಿಸಬಹುದು. ಗಾಯ ಅಡ್ಡ ಬಂದರೆ ಅದು ಮಾಯುವವರೆಗೆ ಆ ಕಡೆಯ ಹಾಲನ್ನು ಮಗು ಕುಡಿಯುವಷ್ಟೇ ಪ್ರಮಾಣದಲ್ಲಿ ಹಿಂಡಿ ತೆಗೆದು, ಇನ್ನೊಂದು ಎದೆಯಿಂದ ಕುಡಿಸಬೇಕು.

ಪದೇ ಪದೇ ಅದೇ ಜಾಗದಲ್ಲಿ ಗಂಟು ಬರುತ್ತಿದ್ದರೆ ಮೊದಲು ನೋಡಬೇಕಾದ್ದು ಮಗು ತೊಟ್ಟನ್ನಷ್ಟೇ ಕಚ್ಚುತ್ತಿದೆಯೋ, ಕಪ್ಪು ಭಾಗವನ್ನೂ ಬಾಯಿ ತುಂಬ ಹಿಡಿಯುತ್ತಿದೆಯೋ ಎಂಬುದನ್ನು. ಆಮೇಲೆ ರಾತ್ರಿಯ ಬಾಟಲಿ, ಪಂಪಿನಿಂದ ಮಗುವಿಗೆ ಬೇಕಾದದ್ದಕ್ಕಿಂತ ಹೆಚ್ಚು ಹಾಲು ತೆಗೆಯುವ ಅಭ್ಯಾಸ, ಒಂದೇ ಮಗ್ಗುಲಲ್ಲಿ ಎದೆ ಒತ್ತಿ ಮಲಗುವುದು, ಬಿಗಿ ರವಿಕೆ. ಇವೆಲ್ಲ ಸರಿಯಿದ್ದೂ, ಔಷಧ ಮುಗಿದು ವಾರಗಳಾದ ಮೇಲೂ ಗಂಟು ಅಥವಾ ಚರ್ಮದ ಕೆಂಪು ಹಾಗೆಯೇ ಉಳಿದಿದ್ದರೆ, ಅಥವಾ ಚರ್ಮ ಕಿತ್ತಳೆ ಸಿಪ್ಪೆಯಂತೆ ಗುಳಿಬಿದ್ದು ತೊಟ್ಟು ಒಳಗೆ ಎಳೆದುಕೊಂಡಿದ್ದರೆ, ಹಾಲುಣಿಸುತ್ತಿರುವಾಗಲೂ ಅಪರೂಪಕ್ಕೆ ಬರುವ ಸ್ತನ ಕ್ಯಾನ್ಸರ್ ಇಲ್ಲವೆಂದು ಖಚಿತಪಡಿಸಿಕೊಳ್ಳಲು ಶಸ್ತ್ರವೈದ್ಯರು ಅಲ್ಟ್ರಾಸೌಂಡ್ ಮತ್ತು ಬಯಾಪ್ಸಿ ಮಾಡಿಸುತ್ತಾರೆ. ಈ ಪರೀಕ್ಷೆಗಳಿಗಾಗಿ ಮಗುವಿಗೆ ಹಾಲು ಬಿಡಿಸಬೇಕಾದ ಅಗತ್ಯವಿಲ್ಲ.